ಜೋಳ ವರ್ಷಕ್ಕೆ, ಅಕ್ಕಿ ತಿಂಗಳಿಗೆ: ಹನ್ನೂರಿನ ಕಡೆಯ ಲೆಕ್ಕ

ನಾಲ್ಕು ಮಂದಿಯ ಸಣ್ಣ ಸಂಸಾರ. ಧಾನ್ಯವನ್ನು ವರ್ಷಕ್ಕೆ ಒಮ್ಮೆಲೇ ಕೊಂಡು ತುಂಬಿಡುವುದು ಲಾಭವೋ, ತಿಂಗಳು ತಿಂಗಳು ಬೇಕಾದಷ್ಟೇ ತರುವುದು ಲಾಭವೋ? ಈ ಪ್ರಶ್ನೆಗೆ ಎಲ್ಲ ಊರಿಗೂ ಒಂದೇ ಉತ್ತರವಿಲ್ಲ. ಒಂದೇ ಮನೆಯಲ್ಲಿ ಎಲ್ಲ ಧಾನ್ಯಕ್ಕೂ ಒಂದೇ ಉತ್ತರವಿಲ್ಲ. ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ, ಅಕ್ಕಲಕೋಟೆ ತಾಲೂಕಿನ ಹನ್ನೂರ ನಮ್ಮ ಹಾಗೆಯೇ ಗಡಿಯಾಚೆ ಉಳಿದ ಕನ್ನಡಿಗರ ಊರು. ಅಲ್ಲಿಯ ಒಂದು ಮನೆಯ ಲೆಕ್ಕವನ್ನು ಮುಂದಿಟ್ಟುಕೊಂಡರೆ ವಿಷಯ ಸುಲಭವಾಗಿ ತಿಳಿಯುತ್ತದೆ.

ಆ ಸೀಮೆ ಬಿಳಿಜೋಳದ ಸೀಮೆ. ಜಿಲ್ಲೆಯ ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಮಾಲದಂಡಿ ಜೋಳವೆಂದರೆ ಅಲ್ಲಿಯವರಿಗೆ ರೊಟ್ಟಿಯ ಇನ್ನೊಂದು ಹೆಸರು. ಹಿಂಗಾರಿ ಜೋಳವನ್ನು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿ ಫೆಬ್ರವರಿ, ಮಾರ್ಚಿನಲ್ಲಿ ಕೊಯ್ಯುತ್ತಾರೆ. ಕೊಯ್ಲಿನ ಹಿಂದೆಯೇ ಬಿರುಬಿಸಿಲು ಬರುತ್ತದೆ. ಕಾಳು ತಾನಾಗಿ ಒಣಗುತ್ತದೆ, ಮಾರುಕಟ್ಟೆಗೆ ರಾಶಿ ಬಂದು ಸಾಮಾನ್ಯವಾಗಿ ಬೆಲೆಯೂ ಇಳಿಯುತ್ತದೆ. ವರ್ಷದ ಜೋಳ ಕೊಳ್ಳಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಹಿಂದಿನವರು ಇದನ್ನು ಹಗೇವಿನಲ್ಲಿ ತುಂಬುತ್ತಿದ್ದರು. ಮರಾಠಿಯಲ್ಲಿ ಅದನ್ನೇ ಪೇವ ಎನ್ನುತ್ತಾರೆ. ನೆಲದೊಳಗೆ ತೋಡಿದ ಗುಂಡಿಯ ತುಂಬ ಜೋಳ ಸುರಿದು, ಬಾಯಿ ಮುಚ್ಚಿ, ಮಣ್ಣು ಮೆತ್ತುವುದು. ಒಳಗಿನ ಗಾಳಿಯಲ್ಲಿರುವ ಆಮ್ಲಜನಕವನ್ನು ಕಾಳು ಮತ್ತು ಹುಳುಗಳೇ ಉಸಿರಾಡಿ ಮುಗಿಸುತ್ತವೆ. ಆಮೇಲೆ ಹುಳು ಬದುಕದು. ತೆರೆದ ಕೂಡಲೇ ಹಗೇವಿಗೆ ಇಳಿದವರು ಉಸಿರು ಕಟ್ಟಿ ಸತ್ತದ್ದೂ ಇದೇ ಕಾರಣಕ್ಕೆ. ಅದಕ್ಕಾಗಿಯೇ ಬಾಯಿ ತೆರೆದಿಟ್ಟು ಸಾಕಷ್ಟು ಹೊತ್ತು ಗಾಳಿಯಾಡಲು ಬಿಡುತ್ತಿದ್ದರು. ಸಣ್ಣ ಸಂಸಾರಕ್ಕೆ ಇಂದು ಹಗೇವು ಬೇಡ. ಆದರೆ ಅದರ ಗುಟ್ಟು ಬೇಕು: ಒಣಗಿದ ಕಾಳು, ತುಂಬಿದ ಪಾತ್ರೆ, ಗಾಳಿಯಾಡದ ಮುಚ್ಚಳ.

ಈಗ ಲೆಕ್ಕಕ್ಕೆ ಬರೋಣ. ಗಂಡ, ಹೆಂಡತಿ, ವಯಸ್ಸಾದ ಅತ್ತೆ, ಶಾಲೆಗೆ ಹೋಗುವ ಮಗ. ಎರಡು ಹೊತ್ತು ರೊಟ್ಟಿಗೆ ತಿಂಗಳಿಗೆ 18 ಕಿಲೋ ಜೋಳ ಬೇಕೆನ್ನಿ. ಮಾರ್ಚಿನಲ್ಲಿ ಹತ್ತು ತಿಂಗಳಿಗೆಂದು 180 ಕಿಲೋ ಕೊಳ್ಳುತ್ತಾರೆ. ಲೆಕ್ಕ ಸುಲಭವಾಗಲೆಂದು ಸುಗ್ಗಿಯ ಬೆಲೆ ಕಿಲೋಗೆ 30 ರೂಪಾಯಿ, ಮುಂದಿನ ತಿಂಗಳುಗಳ ಸರಾಸರಿ 36 ರೂಪಾಯಿ ಎಂದು ಹಿಡಿಯೋಣ. ಒಮ್ಮೆಲೇ ಕೊಂಡರೆ 5,400 ರೂಪಾಯಿ, ತಿಂಗಳು ತಿಂಗಳು ಕೊಂಡರೆ 6,480 ರೂಪಾಯಿ. ಉಳಿತಾಯ 1,080.

ಆದರೆ ಆ 5,400 ಕೈಯಲ್ಲಿ ಇರಬೇಕು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಗೆ ಸಾಲ ತಂದು, ಹತ್ತು ತಿಂಗಳ ಮೇಲೆ ತೀರಿಸಿದರೆ ಬಡ್ಡಿಯೇ 1,080 ಆಗುತ್ತದೆ. ಉಳಿದದ್ದು ಸೊನ್ನೆ. ಮೇಲೆ ನೂರಕ್ಕೆ ಐದರಂತೆ ಹುಳು ತಿಂದರೆ 9 ಕಿಲೋ, ಅಂದರೆ 270 ರೂಪಾಯಿ ಕೈಯಿಂದಲೇ ಹೋಯಿತು. ಕೈಯಲ್ಲಿ ದುಡ್ಡಿದ್ದು, ಕಾಳು ಕೆಡದಂತೆ ಇಡಬಲ್ಲವರಿಗೆ ಮಾತ್ರ ಸಗಟು ಖರೀದಿ. ಸಾಲ ಮಾಡಿ ಕೊಳ್ಳುವವರಿಗೆ ಅಲ್ಲ.

ಕೆಡದಂತೆ ಇಡುವುದು ಹೇಗೆ? ಮೊದಲು ತೇವ ನೋಡಬೇಕು. ಕಾಳನ್ನು ಹಲ್ಲಿನಲ್ಲಿ ಕಡಿದರೆ ಕಟ್ಟೆಂದು ಒಡೆಯಬೇಕು, ಮೆತ್ತಗೆ ಚಪ್ಪಟೆಯಾಗಬಾರದು. ಇನ್ನೊಂದು ಪರೀಕ್ಷೆ: ಒಣಗಿದ ಗಾಜಿನ ಬಾಟಲಿಯಲ್ಲಿ ಮೂರನೆಯ ಒಂದು ಪಾಲು ಕಾಳು, ಎರಡು ಮೂರು ಚಮಚ ಚೆನ್ನಾಗಿ ಒಣಗಿಸಿದ ಪುಡಿಯುಪ್ಪು ಹಾಕಿ ಒಂದು ನಿಮಿಷ ಕುಲುಕಿ, ಹದಿನೈದು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ಕಾಳಿನಲ್ಲಿ ತೇವ ನೂರಕ್ಕೆ ಹದಿನೈದಕ್ಕಿಂತ ಹೆಚ್ಚು, ಅದನ್ನು ಇಡುವಂತಿಲ್ಲ. ಅಂಟದಿದ್ದರೂ ಬಿಸಿಲು ತಪ್ಪಿಸಬಾರದು, ಏಕೆಂದರೆ ತಿಂಗಳುಗಟ್ಟಲೆ ಇಡುವ ಕಾಳಿನ ತೇವ ಹನ್ನೆರಡರ ಒಳಗೇ ಇರಬೇಕು. ಎರಡು ಮೂರು ದಿನ ತೆಳ್ಳಗೆ ಹರಡಿ ಒಣಗಿಸಿ, ಮೊರದಿಂದ ಜಳ್ಳು ಕೇರಿ, ಪೂರಾ ತಣ್ಣಗಾದ ಮೇಲೆ ತುಂಬಬೇಕು. ಬಿಸಿ ಇರುವಾಗಲೇ ತುಂಬಿದರೆ ಮುಚ್ಚಳದ ಕೆಳಗೆ ಬೆವರು ನಿಂತು ಬೂಸಲು ಬರುತ್ತದೆ.

180 ಕಿಲೋವನ್ನು ಒಂದೇ ಪೀಪಾಯಿಗೆ ಹಾಕುವುದು ತಪ್ಪು. ದಿನಾ ಮುಚ್ಚಳ ತೆರೆದರೆ ಗಾಳಿಯೂ ಹುಳುವೂ ಒಳಗೆ ಹೋಗುತ್ತವೆ. 60 ಕಿಲೋ ಹಿಡಿಯುವ ಮೂರು ತಗಡಿನ ಪೀಪಾಯಿಗಳಾದರೆ ಎರಡನ್ನು ಕಂಠಮಟ್ಟ ತುಂಬಿ, ಬಾಯಿ ಬಿಗಿದು, ಗೋಡೆಗೆ ತಾಗದಂತೆ ಹಲಗೆಯ ಮೇಲಿಡಬೇಕು. ಒಂದನ್ನು ಮಾತ್ರ ಬಳಸಬೇಕು. ನುಸಿಹುಳು ಕಾಳಿಗೆ ತೂತು ಕೊರೆದು ಒಳಗೇ ಮೊಟ್ಟೆಯಿಡುವುದರಿಂದ ಕೊಳ್ಳುವ ದಿನ ಕಣ್ಣಿಗೆ ಬೀಳದು. ಬೆಚ್ಚನೆಯ ದಿನಗಳಲ್ಲಿ ಸುಮಾರು ಒಂದು ತಿಂಗಳಿಗೆ ಹೊಸ ಹುಳು ಹೊರಬರುತ್ತದೆ. ಆದ್ದರಿಂದ ಬಳಕೆಯ ಪೀಪಾಯಿಯೊಳಗೆ ಹದಿನೈದು ದಿನಕ್ಕೊಮ್ಮೆ ಕೈಯಿಟ್ಟು ನೋಡಿ. ಒಳಗೆ ಬೆಚ್ಚಗಿದ್ದರೆ, ಜರಡಿಯಲ್ಲಿ ಹಿಟ್ಟಿನಂಥ ಪುಡಿ ಬಿದ್ದರೆ ಹುಳು ಹತ್ತಿದೆ ಎಂದೇ ಅರ್ಥ. ಅಂದೇ ಬಿಸಿಲಿಗೆ ಹಾಕಬೇಕು. ಒಣಗಿದ ಬೇವಿನ ಸೊಪ್ಪು ಸ್ವಲ್ಪ ಮಟ್ಟಿಗೆ ನೆರವಾಗುತ್ತದೆ, ಒಣಗಿಸುವ ಕೆಲಸವನ್ನು ಅದು ಮಾಡದು. ಪಾರದ ಗುಳಿಗೆ ಬೇಡ. ಗೋದಾಮಿನ ವಿಷಗುಳಿಗೆಯನ್ನಂತೂ ಮನೆಯೊಳಗೆ ತರಲೇಬಾರದು; ಅದರ ಅನಿಲ ಮಲಗಿದವರನ್ನು ಕೊಂದದ್ದುಂಟು.

ಗೋದಿ ಮತ್ತು ಅಕ್ಕಿಯ ಮಾತು ಬೇರೆ. ಆದ್ಯತಾ ಕಾರ್ಡಿನ ಮನೆಗೆ ತಲೆಗೆ 5 ಕಿಲೋದಂತೆ ನಾಲ್ವರಿಗೆ 20 ಕಿಲೋ ಧಾನ್ಯ ನ್ಯಾಯಬೆಲೆ ಅಂಗಡಿಯಲ್ಲಿ ಸಿಗುತ್ತದೆ; 2023ರ ಜನವರಿಯಿಂದ ಅದು ಉಚಿತ. ಚಪಾತಿಗೂ ಅನ್ನಕ್ಕೂ ಬಹುಪಾಲು ಅದರಲ್ಲೇ ಆಗುವಾಗ ಮತ್ತೆ ಚೀಲ ತಂದಿಟ್ಟರೆ ಹುಳುವಿಗೆ ಊಟ. ಕಾರ್ಡಿಲ್ಲದವರು ಗೋದಿಯನ್ನು ಏಪ್ರಿಲಿನಲ್ಲಿ ಕೊಂಡು, ಒಣಗಿಸಿ, ತುಸು ಹರಳೆಣ್ಣೆ ಸವರಿ ಇಡಬಹುದು. ಆ ಕಡೆ ಅದು ಹಳೆಯ ರೂಢಿ. ಅಕ್ಕಿ ಆ ಸೀಮೆಗೆ ಹೊರಗಿನಿಂದ ಬರುವ ಮಾಲು. ಅಲ್ಲಿ ಅದಕ್ಕೆ ಸುಗ್ಗಿಯಿಲ್ಲ, ಸುಗ್ಗಿಯ ಬೆಲೆಯೂ ಇಲ್ಲ. ತಿಂಗಳಿಗೆ ಬೇಕಾದಷ್ಟೇ ಸಾಕು.

ಸಜ್ಜೆಯನ್ನು ಚಳಿಗಾಲಕ್ಕೆ, ಸಂಕ್ರಾಂತಿಯ ಎಳ್ಳು ಹಚ್ಚಿದ ರೊಟ್ಟಿಗೆ, ನಾಲ್ಕೈದು ಕಿಲೋ ತಂದರೆ ಮುಗಿಯಿತು. ಅದರಲ್ಲಿ ಎಣ್ಣೆಯಂಶ ಹೆಚ್ಚು. ಕಾಳಾಗಿ ತಾಳುತ್ತದೆ; ಬೀಸಿದ ಹಿಟ್ಟು ಒಂದು ವಾರ ಕಳೆದರೆ ಕಹಿಯಾಗತೊಡಗುತ್ತದೆ. ಜೋಳದ ಹಿಟ್ಟೂ ಹಳೆಯದಾದರೆ ಜಿಗುಟು ಕಳೆದುಕೊಂಡು ತಟ್ಟುವಾಗಲೇ ರೊಟ್ಟಿ ಹರಿಯುತ್ತದೆ. ಕಾಳು ವರ್ಷದ್ದಾದರೂ ಗಿರಣಿಗೆ ಹೋಗುವುದು ವಾರಕ್ಕೊಮ್ಮೆಯೇ.

ಕಾಸರಗೋಡಿನ ನಾವು ಇದನ್ನು ಹಾಗೆಯೇ ಅನುಸರಿಸಿದರೆ ಸೋಲುತ್ತೇವೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಅಲ್ಲಿ ಅದರ ಐದರಲ್ಲೊಂದು ಪಾಲಿನ ಆಸುಪಾಸು. ಆಷಾಢದಲ್ಲಿ ಉಪ್ಪೇ ನೀರಾಗುವ ಮನೆಯಲ್ಲಿ ಒಣಗಿಸಿದ ಕಾಳೂ ತೇವ ಹೀರುತ್ತದೆ. ಗದ್ದೆಯಿದ್ದ ಕಾಲದಲ್ಲಿ ಬೈಹುಲ್ಲಿನ ಮುಡಿ ಕಟ್ಟಿ ಅಕ್ಕಿ ಕಾಪಾಡುತ್ತಿದ್ದೆವು. ಈಗ ಹೆಚ್ಚಿನ ಮನೆಗಳಿಗೆ ಅಕ್ಕಿ ಅಂಗಡಿಯಿಂದಲೇ. ಅದಕ್ಕೆ ಮೇ ತಿಂಗಳಿನಲ್ಲಿ ಮಳೆಗಾಲದ ಎರಡು ತಿಂಗಳಿಗಾಗುವಷ್ಟು ಕುಚ್ಚಿಲಕ್ಕಿ ಒಣಗಿಸಿ ಬಿಗಿಯಾದ ಡಬ್ಬಿಗಳಲ್ಲಿ ತುಂಬಿ. ಬೆಳ್ತಿಗೆ ಅಕ್ಕಿ, ಗೋದಿ, ರಾಗಿ, ಜೋಳ ತಿಂಗಳು ತಿಂಗಳೇ ಬರಲಿ.

ಊರಿನಲ್ಲಿ ಬೆಳೆದು, ಬಿಸಿಲಿನಲ್ಲಿ ಒಣಗಿ, ದಿನಾ ತಟ್ಟೆಗೆ ಬರುವ ಧಾನ್ಯವನ್ನು ಹನ್ನೂರಿನವರು ವರ್ಷಕ್ಕೆ ಕೊಳ್ಳಲಿ. ನಮ್ಮ ಮನೆಯಲ್ಲಿ ಹಾಗಿರುವ ಧಾನ್ಯ ಯಾವುದೆಂದು ಚೀಲ ಹೊರಿಸುವ ಮೊದಲು ಕೇಳಿಕೊಳ್ಳೋಣ.