ಆಕ್ಚುಯರಿ ಪರೀಕ್ಷೆ: ಕೆಲಸದ ಜೊತೆ ಓದಿದ್ರೆ ಎಷ್ಟು ವರ್ಷ ಬೇಕು?

ಅಂಗಡಿಗೆ ಮಾಡಿಸುವ ಬೆಂಕಿ ವಿಮೆಗೆ, ಎಲ್‌ಐಸಿ ಪಾಲಿಸಿಗೆ ಕಂತು ಎಷ್ಟಿರಬೇಕು ಅಂತ ಲೆಕ್ಕ ಹಾಕುವವರೇ ಆಕ್ಚುಯರಿಗಳು. ಸಂಬಳ ಚೆನ್ನಾಗಿದೆ ಎಂಬ ಮಾತು ಕೇಳಿ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಕ್ಕಳು ಈ ಪರೀಕ್ಷೆ ಕಟ್ಟುತ್ತಾರೆ. ಊರಿನಲ್ಲಿ ಅಪ್ಪ ಅಮ್ಮ ಕೇಳುವುದು ಒಂದೇ ಪ್ರಶ್ನೆ: ‘ಇದು ಮುಗಿಯೋದು ಯಾವಾಗ?’

ನಮ್ಮ ದೇಶದಲ್ಲಿ ಈ ಪರೀಕ್ಷೆ ನಡೆಸುವುದು ಇನ್‌ಸ್ಟಿಟ್ಯೂಟ್ ಆಫ್ ಆಕ್ಚುಯರೀಸ್ ಆಫ್ ಇಂಡಿಯಾ. 2006ರ ಆಕ್ಚುಯರೀಸ್ ಕಾಯ್ದೆಯಡಿ ಬಂದ ಸಂಸ್ಥೆ ಇದು. ಮೊದಲು ಎಸೆಟ್ ಎಂಬ ಪ್ರವೇಶ ಪರೀಕ್ಷೆ ಪಾಸಾಗಬೇಕು. ಆಮೇಲೆ, 2019ರಲ್ಲಿ ಬಂದ ಪಠ್ಯಕ್ರಮದ ಪ್ರಕಾರ, ಫೆಲೋ ಆಗುವವರೆಗೆ 13 ವಿಷಯಗಳು. ಮುಖ್ಯ ಪರೀಕ್ಷೆಗಳು ವರ್ಷಕ್ಕೆ ಎರಡೇ ಸಲ, ಬೇಸಿಗೆ ಕೊನೆಗೊಮ್ಮೆ, ದೀಪಾವಳಿ ಕಳೆದ ಮೇಲೊಮ್ಮೆ.

13 ವಿಷಯವನ್ನು ವರ್ಷಕ್ಕೆ ನಾಲ್ಕರಂತೆ ಬರೆದರೆ ಮೂರು ವರ್ಷದಲ್ಲಿ ಮುಗೀತಲ್ಲ ಅಂತ ಮನೆಯವರು ಲೆಕ್ಕ ಹಾಕುತ್ತಾರೆ. ಕಾಲೇಜಿನಲ್ಲೇ ಇದ್ದು ಓದುವವರಿಗೆ ಅದು ಆಗಬಹುದೇನೋ. ಒಂಬತ್ತರಿಂದ ಆರರವರೆಗೆ ಆಫೀಸಿನಲ್ಲಿರುವವರಿಗೆ ಆಗುವುದಿಲ್ಲ.

ಉದಾಹರಣೆಗೆ ವಿಮಾ ಕಂಪನಿಯೊಂದರಲ್ಲಿ ಕೆಲಸ ಮಾಡುವ ಬಿ.ಕಾಂ. ಓದಿದ ಹುಡುಗಿಯೊಬ್ಬಳನ್ನು ತೆಗೆದುಕೊಳ್ಳೋಣ. ವಾರದ ದಿನಗಳಲ್ಲಿ ಒಂದೂವರೆ ಗಂಟೆ, ಶನಿವಾರ ಭಾನುವಾರ ಸೇರಿ ಆರೂವರೆ ಗಂಟೆ ಓದಿದರೆ ವಾರಕ್ಕೆ 14 ಗಂಟೆ. ಎರಡು ಪರೀಕ್ಷೆಗಳ ನಡುವೆ ಸುಮಾರು 24 ವಾರ ಸಿಗುತ್ತವೆ. ಆದರೆ ಊರ ಜಾತ್ರೆ, ಮದುವೆ, ಜ್ವರ, ಆಫೀಸಿನ ತಿಂಗಳ ಕೊನೆಯ ಒತ್ತಡ ಅಂತ ಆರು ವಾರ ಹೋಗೇ ಹೋಗುತ್ತದೆ. ಉಳಿಯುವುದು 18 ವಾರ, ಅಂದರೆ ಸುಮಾರು 250 ಗಂಟೆ. ದೊಡ್ಡ ಗಣಿತದ ವಿಷಯ ಒಂದಕ್ಕೇ ಹೆಚ್ಚುಕಡಿಮೆ ಅಷ್ಟು ಗಂಟೆ ಬೇಕಾಗುತ್ತದೆ.

ಅಂಥ ದೊಡ್ಡ ವಿಷಯಗಳು ನಾಲ್ಕು: ಸಂಖ್ಯಾಶಾಸ್ತ್ರದ ಸಿಎಸ್-1, ಸಿಎಸ್-2, ಹಣಕಾಸು ಮತ್ತು ಜೀವವಿಮೆ ಲೆಕ್ಕದ ಸಿಎಂ-1, ಸಿಎಂ-2. ಒಂದೊಂದಕ್ಕೂ ಎರಡು ಭಾಗ. ಎ ಭಾಗ ಬರೆಯುವ ಪತ್ರಿಕೆ, ಬಿ ಭಾಗ ಕಂಪ್ಯೂಟರ್ ಮುಂದೆ. ಸಿಎಸ್‌ಗೆ ಆರ್ ಎಂಬ ಸಾಫ್ಟ್‌ವೇರ್, ಸಿಎಂಗೆ ಎಕ್ಸೆಲ್. ಎರಡೂ ಸೇರಿಯೇ ಒಂದು ಫಲಿತಾಂಶ. ಕೆಲಸಕ್ಕೆ ಹೋಗುವವರು ಎಡವುವುದು ಹೆಚ್ಚಾಗಿ ಇಲ್ಲೇ. ದಿನಾ ಎಕ್ಸೆಲ್ ನೋಡ್ತೀನಲ್ಲ ಅಂತ ಬಿ ಭಾಗವನ್ನು ಕೊನೆಯ ವಾರಕ್ಕೆ ಬಿಡುತ್ತಾರೆ. ಪರೀಕ್ಷೆಗೆ ಮೂರು ವಾರ ಇರುವಾಗ ಹಳೇ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಪೂರ್ತಿ ಬಿಡಿಸಲು ಆಗದಿದ್ದರೆ ತಯಾರಿ ಸಾಲದು ಎಂದೇ ಅರ್ಥ. ಪುಸ್ತಕ ಎಷ್ಟು ಸಲ ಓದಿದೆ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ.

ಈಗ ಕೂಡಿಸಿ ನೋಡೋಣ. ನಾಲ್ಕು ದೊಡ್ಡ ವಿಷಯಕ್ಕೆ ನಾಲ್ಕು ಸುತ್ತು. ಹಣಕಾಸು ಮತ್ತು ಅರ್ಥಶಾಸ್ತ್ರದ ಸಿಬಿ-1, ಸಿಬಿ-2 ಸ್ವಲ್ಪ ಹಗುರ, ಎರಡೂ ಸೇರಿ ಒಂದು ಸುತ್ತು. ಸಿಬಿ-3 ಇವುಗಳ ಜೊತೆಗೇ ಮುಗಿಯುತ್ತದೆ. ಸಿಪಿ-1ಕ್ಕೆ ಒಂದು, ಸಿಪಿ-2 ಮತ್ತು ಸಿಪಿ-3ಕ್ಕೆ ಒಂದು. ಇಲ್ಲಿಗೆ ಏಳು ಸುತ್ತು, ಮೂರೂವರೆ ವರ್ಷ, ಅಸೋಸಿಯೇಟ್ ಹಂತದ ಪರೀಕ್ಷೆಗಳು ಮುಗಿದವು. ಫೆಲೋ ಆಗಲು ಎರಡು ಎಸ್‌ಪಿ, ಒಂದು ಎಸ್‌ಎ, ಇನ್ನೂ ಮೂರು ಸುತ್ತು. ಒಟ್ಟು ಐದು ವರ್ಷ, ಅದೂ ಒಂದು ಸಲವೂ ಫೇಲಾಗದಿದ್ದರೆ. ಮೂರ್ನಾಲ್ಕು ಸಲ ಫೇಲಾಗುವುದು ಈ ಪರೀಕ್ಷೆಯಲ್ಲಿ ಅವಮಾನದ ಮಾತೇನಲ್ಲ. ಅದನ್ನೂ ಸೇರಿಸಿ ಆರೂವರೆಯಿಂದ ಏಳು ವರ್ಷ ಇಟ್ಟುಕೊಳ್ಳುವುದೇ ಸರಿಯಾದ ಲೆಕ್ಕ.

ಹಾಗಾದರೆ ವಿನಾಯಿತಿ? ಮೊದಲು ಓದಿದ್ದಕ್ಕೆ ಕೆಲವು ವಿಷಯ ಬಿಟ್ಟುಕೊಡುವ ವ್ಯವಸ್ಥೆ ಇದೆ. ಆದರೆ ಡಿಗ್ರಿಯ ಹೆಸರು ಹೇಳಿದ ಮಾತ್ರಕ್ಕೆ ಸಿಗುವುದಿಲ್ಲ. ದಾಖಲೆ ಸಮೇತ ಅರ್ಜಿ ಹಾಕಬೇಕು, ಒಪ್ಪುವುದು ಬಿಡುವುದು ಸಂಸ್ಥೆಗೆ ಸೇರಿದ್ದು. ಈ ಹುಡುಗಿಗೆ ಸಿಬಿ-1, ಸಿಬಿ-2 ಎರಡೂ ಸಿಕ್ಕವು ಅಂದುಕೊಂಡರೂ ಉಳಿಯುವುದು ಒಂದೇ ಸುತ್ತು, ಅರ್ಧ ವರ್ಷ. ವರ್ಷಗಳನ್ನು ತಿನ್ನುವ ಸಿಎಸ್, ಸಿಎಂ ಹಾಗೇ ಉಳಿದವು. ‘ವಿನಾಯಿತಿ ಕೊಡಿಸ್ತೀವಿ, ಬೇಗ ಮುಗಿಯುತ್ತೆ’ ಅಂತ ಯಾರಾದರೂ ಕೋರ್ಸಿಗೆ ದುಡ್ಡು ಕೇಳಿದರೆ ಯಾವ ವಿಷಯಕ್ಕೆ ಅಂತ ಮೊದಲು ಕೇಳಬೇಕು.

ಒಮ್ಮೆ ಪಾಸಾದ ವಿಷಯ ಖಾತೆಯಲ್ಲಿ ಉಳಿಯುತ್ತದೆ, ಫೇಲಾದದ್ದನ್ನು ಮಾತ್ರ ಮತ್ತೆ ಬರೆದರಾಯಿತು. ಪಠ್ಯಕ್ರಮ ಬದಲಾದಾಗ ಮಾತ್ರ ಎಚ್ಚರ ಬೇಕು. 2019ರಲ್ಲಿ ಹಳೆಯ ಸಿಟಿ-4 ಮತ್ತು ಸಿಟಿ-6 ಸೇರಿ ಸಿಎಸ್-2 ಆಯಿತು. ಎರಡೂ ಪಾಸಾದವರಿಗೆ ಹೊಸ ವಿಷಯ ಜಮಾ ಆಯಿತು. ಒಂದನ್ನು ಮುಗಿಸಿ ಇನ್ನೊಂದನ್ನು ಮುಂದೂಡುತ್ತಾ ಬಂದಿದ್ದವರು ಸಿಎಸ್-2 ಅನ್ನು ಪೂರ್ತಿಯಾಗಿ ಬರೆಯಬೇಕಾಯಿತು.