ಉಪ್ಪು ತಿಂದವನಿಗೆ ನಾಲ್ಕು ಆಯ್ಕೆ

ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿರುವ ಯಾರನ್ನಾದರೂ ಕೇಳಿ ನೋಡಿ, ಸಾಮಾನ್ಯ ಕನ್ನಡ ಪತ್ರಿಕೆಯಲ್ಲಿ ಅವರಿಗೆ ಭಯ ಇರುವುದು ಸಂಧಿ ಸಮಾಸಗಳದ್ದು. ಗಾದೆಯ ಪ್ರಶ್ನೆ ಬಂದರೆ ‘ಇದು ನಮ್ಮಜ್ಜಿ ಹೇಳುತ್ತಿದ್ದದ್ದೇ’ ಎಂದು ಖುಷಿಯಿಂದ ಗುರುತು ಹಾಕಿ ಮುಂದೆ ಹೋಗುತ್ತಾರೆ. ಅಂಕ ಹೋಗುವುದೂ ಅಲ್ಲೇ. ಅಜ್ಜಿ ಗಾದೆ ಹೇಳುವಾಗ ಎದುರಿಗೆ ಒಂದು ಸಂದರ್ಭ ಇರುತ್ತಿತ್ತು. ಪ್ರಶ್ನೆಪತ್ರಿಕೆಯಲ್ಲಿ ಸಂದರ್ಭವಿಲ್ಲ, ಬರೀ ನಾಲ್ಕು ಆಯ್ಕೆಗಳಿವೆ.

‘ಉಪ್ಪು ತಿಂದವನು ನೀರು ಕುಡಿಯಲೇಬೇಕು’ ಎಂಬ ಗಾದೆಯನ್ನೇ ತೆಗೆದುಕೊಳ್ಳೋಣ. ಆಯ್ಕೆಗಳು ಹೀಗಿವೆ ಎಂದಿಟ್ಟುಕೊಳ್ಳಿ: (ಅ) ಉಪ್ಪು ಹೆಚ್ಚಾದರೆ ಬಾಯಾರಿಕೆಯಾಗುತ್ತದೆ. (ಆ) ಮಿತಿಮೀರಿ ತಿಂದವನು ಆರೋಗ್ಯ ಕೆಡಿಸಿಕೊಳ್ಳುತ್ತಾನೆ. (ಇ) ಅನ್ನ ಕೊಟ್ಟವರಿಗೆ ನಿಷ್ಠೆಯಿಂದಿರಬೇಕು. (ಈ) ತಪ್ಪು ಮಾಡಿದವನು ಅದರ ಫಲ ಅನುಭವಿಸಲೇಬೇಕು.

ಮೊದಲನೆಯದು ಬರೀ ವಾಚ್ಯಾರ್ಥ, ಅಂದರೆ ಮಾತು ಮೇಲ್ನೋಟಕ್ಕೆ ಹೇಳುವ ಅರ್ಥ. ಅದರಲ್ಲಿ ಸುಳ್ಳೇನಿಲ್ಲ. ಆದರೆ ಬಾಯಾರಿಕೆಯ ವಿಷಯ ತಿಳಿಸಲು ಯಾರೂ ಗಾದೆ ಹೇಳುವುದಿಲ್ಲ. ಇದನ್ನು ಹೆಚ್ಚಿನವರು ಬೇಗ ಹೊಡೆದುಹಾಕುತ್ತಾರೆ. ಎರಡನೆಯದು ಸ್ವಲ್ಪ ಜಾಣ ಆಯ್ಕೆ. ಉಪ್ಪೂ ಇಲ್ಲ, ನೀರೂ ಇಲ್ಲ, ಬುದ್ಧಿಮಾತಿನ ಧಾಟಿಯೂ ಇದೆ, ಹಾಗಾಗಿ ಒಳಾರ್ಥದಂತೆ ಕಾಣುತ್ತದೆ. ನಿಜಕ್ಕೂ ಅದು ಊಟದ ಮನೆ ಬಿಟ್ಟು ಹೊರಗೆ ಬಂದೇ ಇಲ್ಲ. ಉಪ್ಪಿನ ಜಾಗದಲ್ಲಿ ಅನ್ನ, ದಾಹದ ಜಾಗದಲ್ಲಿ ರೋಗ ಇಟ್ಟಿದ್ದಾರೆ, ಅಷ್ಟೆ. ಇಂಥ ಅರೆವಾಚ್ಯದ ಆಯ್ಕೆ ಪೂರ್ಣ ವಾಚ್ಯಕ್ಕಿಂತ ಅಪಾಯಕಾರಿ.

ಮೂರನೆಯದಕ್ಕೆ ಬಲಿಯಾಗುವವರು ಕನ್ನಡ ಚೆನ್ನಾಗಿ ಬಲ್ಲವರೇ! ‘ಉಪ್ಪಿನ ಋಣ’, ‘ಉಪ್ಪುಂಡ ಮನೆಗೆ ಎರಡು ಬಗೆಯಬೇಡ’ ಎಂಬ ಮಾತುಗಳು ಅವರ ಕಿವಿಯಲ್ಲಿರುತ್ತವೆ. ಉಪ್ಪು ಎಂದೊಡನೆ ನಿಷ್ಠೆ ನೆನಪಾಗುತ್ತದೆ. ಇದು ಒಳಾರ್ಥವೇ ಹೌದು, ಆದರೆ ಬೇರೆ ಗಾದೆಯ ಒಳಾರ್ಥ. ಹೀಗಾಗಿ ‘ವಾಚ್ಯವನ್ನು ಬಿಟ್ಟು ಒಳಾರ್ಥ ಹಿಡಿ’ ಎಂದು ಕೋಚಿಂಗ್ ತರಗತಿಗಳಲ್ಲಿ ಕಲಿಸುವ ಸೂತ್ರ ಅರ್ಧ ದಾರಿಗಷ್ಟೇ ಆಗುತ್ತದೆ. ಅದು ಎರಡು ಆಯ್ಕೆಗಳನ್ನು ತಳ್ಳಿಸುತ್ತದೆ, ಉಳಿದೆರಡರ ನಡುವೆ ನಮ್ಮನ್ನು ನಿಲ್ಲಿಸಿ ಸುಮ್ಮನಾಗುತ್ತದೆ.

ಆಮೇಲೆ ನೋಡಬೇಕಾದದ್ದು ಗಾದೆಯ ಕಟ್ಟನ್ನು. ಇಲ್ಲಿ ಇರುವವನು ಒಬ್ಬನೇ. ಉಪ್ಪು ತಿಂದವನೂ ಅವನೇ, ನೀರು ಕುಡಿಯುವವನೂ ಅವನೇ. ಉಪ್ಪು ಕೊಟ್ಟವನ ಸುಳಿವೇ ಗಾದೆಯಲ್ಲಿಲ್ಲ. ನಿಷ್ಠೆಯ ಮಾತಿಗೆ ಇಬ್ಬರು ಬೇಕು, ಕೊಟ್ಟವನು ಮತ್ತು ಉಂಡವನು. ಅಲ್ಲಿಗೆ ಮೂರನೆಯ ಆಯ್ಕೆ ಬಿದ್ದಹಾಗೆ. ಇನ್ನು ಕ್ರಿಯಾಪದ ಗಮನಿಸಿ: ‘ಕುಡಿಯುತ್ತಾನೆ’ ಎಂದಿಲ್ಲ, ‘ಕುಡಿಯಲೇಬೇಕು’ ಎಂದಿದೆ. ಮಾಡಿದ ಕೆಲಸಕ್ಕೆ ತಪ್ಪಿಸಿಕೊಳ್ಳಲಾಗದ ಪರಿಣಾಮವಿದೆ, ಅದು ಮಾಡಿದವನಿಗೇ ಬರುತ್ತದೆ ಎಂಬುದು ಗಾದೆಯ ಎಲುಬು. ಅದು ಉಳಿದಿರುವುದು ನಾಲ್ಕನೆಯದರಲ್ಲಿ ಮಾತ್ರ. ‘ಮಾಡಿದ್ದುಣ್ಣೋ ಮಹಾರಾಯ’ ಇದಕ್ಕೆ ಸಮಾನಾರ್ಥದ ಗಾದೆಯಾಗಿರುವುದೂ ಇದೇ ಕಾರಣಕ್ಕೆ. ಅಲ್ಲಿ ಉಪ್ಪೂ ಇಲ್ಲ, ನೀರೂ ಇಲ್ಲ, ಕಟ್ಟು ಮಾತ್ರ ಒಂದೇ.

ಹಾಗೆಂದು ವಾಚ್ಯಾರ್ಥವನ್ನು ಕಸದಂತೆ ಎಸೆಯುವ ಹಾಗಿಲ್ಲ. ‘ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆಯಲ್ಲಿ ಹೆಗಲೇ ಏಕೆ? ಬೂದುಗುಂಬಳ ಕಂಡವರಿಗೆ ಹೇಳಬೇಕಿಲ್ಲ. ಬಲಿತ ಕಾಯಿಯ ಮೈಮೇಲೆ ಬೂದಿ ಬಳಿದಂತೆ ಬಿಳಿ ಪುಡಿ ಇರುತ್ತದೆ, ಹೆಗಲ ಮೇಲೆ ಹೊತ್ತರೆ ಅಲ್ಲಿಗೂ ಹತ್ತುತ್ತದೆ. ಯಾರೋ ಸುಮ್ಮನೆ ‘ಕುಂಬಳಕಾಯಿ ಕಳ್ಳ’ ಎಂದರು, ಹೆಸರು ಹೇಳಲಿಲ್ಲ, ಬೆರಳು ತೋರಿಸಲಿಲ್ಲ. ಕದ್ದವನ ಕೈ ತಾನಾಗಿ ಹೆಗಲಿಗೆ ಹೋಯಿತು. ಈ ಚಿತ್ರ ಕಣ್ಣಿಗೆ ಕಟ್ಟಿದರೆ ‘ಕಳ್ಳ ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತಾನೆ’ ಎಂಬ ಆಯ್ಕೆ ಏಕೆ ತಪ್ಪು ಎಂಬುದು ತಿಳಿಯುತ್ತದೆ. ಇಲ್ಲಿ ಯಾರೂ ಅವನನ್ನು ಹಿಡಿದಿಲ್ಲ. ತಪ್ಪು ಮಾಡಿದವನ ಅಳುಕು ಅವನ ನಡೆಯಿಂದಲೇ ಬಯಲಾಗುತ್ತದೆ ಎಂಬುದು ಸರಿ. ಪೇಟೆಯ ಅಂಗಡಿಯಲ್ಲಿ ಹೋಳು ಮಾಡಿದ ಕುಂಬಳವನ್ನಷ್ಟೇ ಕಂಡ ಹುಡುಗನಿಗೆ ಈ ಗಾದೆ ಬಾಯಿಪಾಠವಾಗಿಯೇ ಉಳಿಯುತ್ತದೆ. ತಪ್ಪು ಅವನದಲ್ಲ, ಆದರೆ ಅವನಿಗೆ ಯಾರಾದರೂ ಆ ಬೂದಿಯನ್ನು ತೋರಿಸಬೇಕು.

ಇನ್ನೊಂದು ಬಗೆಯ ಗಾದೆ ಇನ್ನೂ ತುಂಟ. ‘ಹಿತ್ತಲ ಗಿಡ ಮದ್ದಲ್ಲ.’ ಇದನ್ನು ಉಪದೇಶವೆಂದು ಓದಿದರೆ ಕೆಟ್ಟೆವು, ಮನೆಮದ್ದು ನಂಬಬೇಡಿ ಎಂದಂತಾಗುತ್ತದೆ. ಗಾದೆ ಹೇಳುವವನು ಆ ಮಾತನ್ನು ನಂಬಿಲ್ಲ. ಹತ್ತಿರವಿದ್ದದ್ದಕ್ಕೆ ಬೆಲೆ ಕೊಡದ ಜನ ಹೀಗೆನ್ನುತ್ತಾರೆ ಎಂದು ಅವರನ್ನು ಅಣಕಿಸುತ್ತಿದ್ದಾನೆ. ಊರಿನದೇ ಒಳ್ಳೆಯ ಗಾಯಕಿಯನ್ನು ಬಿಟ್ಟು ಜಾತ್ರೆಗೆ ದೂರದೂರಿನವರನ್ನು ಕರೆಸಿದಾಗ ಈ ಗಾದೆ ಬಾಯಿಗೆ ಬರುತ್ತದೆ. ಆದ್ದರಿಂದ ಆಯ್ಕೆ ನೋಡುವ ಮೊದಲು ಇದು ಬುದ್ಧಿವಾದವೋ ವ್ಯಂಗ್ಯವೋ ಎಂದು ಕೇಳಿಕೊಳ್ಳಬೇಕು. ‘ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ’ ಎಂಬುದೂ ಇದೇ ಜಾತಿಯದು. ಕೊನೆಯ ‘ಅಂತೆ’ ನಗುವಿನ ಗುರುತು. ಹಿತ್ತಲ ಗಿಡಕ್ಕೆ ‘ದೂರದಿಂದ ಎಲ್ಲವೂ ಚೆನ್ನಾಗಿ ಕಾಣುತ್ತದೆ’ ಎಂಬ ಆಯ್ಕೆಯನ್ನೂ ಕೊಡುವುದುಂಟು. ಅದು ‘ದೂರದ ಬೆಟ್ಟ ನುಣ್ಣಗೆ’ಯ ಅರ್ಥ. ಎರಡೂ ನೆರೆಹೊರೆಯವು, ಆದರೆ ಒಂದು ಹತ್ತಿರದ್ದರ ಕಡೆಗಣನೆ, ಇನ್ನೊಂದು ದೂರದ್ದರ ಭ್ರಮೆ.

ಒಳಾರ್ಥದ ಬೇಟೆ ಅಭ್ಯಾಸವಾದವರು ಎಡವುವ ಜಾಗವೂ ಒಂದಿದೆ. ‘ತಾಳಿದವನು ಬಾಳಿಯಾನು’ ಎಂಬುದರಲ್ಲಿ ರೂಪಕವೇ ಇಲ್ಲ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದೂ ಅಷ್ಟೆ, ಹೇಳಿದ್ದೇ ಅರ್ಥ. ಇಂಥ ಕಡೆ ಸರಿಯುತ್ತರ ವಾಚ್ಯದ ಪಕ್ಕದಲ್ಲೇ ಕೂತಿರುತ್ತದೆ. ‘ಇಷ್ಟು ಸುಲಭವಿರಲಾರದು’ ಎಂದು ದೂರದ ಆಯ್ಕೆಗೆ ಜಿಗಿದವರು ಅಂಕ ಕಳೆದುಕೊಳ್ಳುತ್ತಾರೆ. ಗಾದೆಯಲ್ಲಿ ಕಣ್ಣಿಗೆ ಕಾಣುವ ವಸ್ತು, ಪ್ರಾಣಿ, ಗಿಡ ಇದ್ದರೆ ರೂಪಕದ ಸಾಧ್ಯತೆ ಹೆಚ್ಚು. ಮನುಷ್ಯ ಮತ್ತು ಅವನ ಗುಣದ ಮಾತಷ್ಟೇ ಇದ್ದರೆ ಕಡಿಮೆ. ನಿಯಮವೇನಲ್ಲ, ಒಂದು ಅಂದಾಜು.

ಪ್ರಶ್ನೆ ತೆಗೆಯುವವರೂ ತಪ್ಪುತ್ತಾರೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದಕ್ಕೆ ‘ಆದಾಯಕ್ಕೆ ತಕ್ಕಂತೆ ಖರ್ಚು ಮಾಡು’, ‘ಶಕ್ತಿಗೆ ತಕ್ಕಂತೆ ಕೆಲಸಕ್ಕೆ ಕೈಹಾಕು’ ಎಂಬ ಎರಡನ್ನೂ ಆಯ್ಕೆಗಳಲ್ಲಿಟ್ಟರೆ ಜಗಳ ಖಂಡಿತ. ಜನ ಈ ಗಾದೆಯನ್ನು ಹೆಚ್ಚಾಗಿ ಹಣಕಾಸಿಗೆ ಬಳಸುತ್ತಾರೆ ನಿಜ, ಆದರೆ ಅದರ ಕಟ್ಟಿಗೆ ಎರಡೂ ಹೊಂದುತ್ತವೆ. ಅದು ಪರೀಕ್ಷಾರ್ಥಿಯ ಜಾಣ್ಮೆಯ ಪರೀಕ್ಷೆಯಲ್ಲ, ಪ್ರಶ್ನೆಯ ದೋಷ. ಕರ್ನಾಟಕ ಲೋಕಸೇವಾ ಆಯೋಗ, ಪರೀಕ್ಷಾ ಪ್ರಾಧಿಕಾರಗಳು ಕೀ ಉತ್ತರ ಪ್ರಕಟಿಸಿ ಆಕ್ಷೇಪಣೆ ಕರೆಯುತ್ತವೆ. ಅಲ್ಲಿ ‘ನಮ್ಮೂರಲ್ಲಿ ಹೀಗೆ ಹೇಳುತ್ತಾರೆ’ ಎಂದು ಬರೆದರೆ ಸಾಲದು, ಆಧಾರ ಬೇಕು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು ಇದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟಿನಲ್ಲಿ ಪದಗಳಿಗೆ ಉದಾಹರಣೆಯಾಗಿ ಹೇರಳ ಗಾದೆಗಳಿವೆ. ನಿಮ್ಮ ಗಾದೆ ಅಲ್ಲಿ ಸಿಕ್ಕರೆ ಆ ಪುಟದ ಪ್ರತಿ ಲಗತ್ತಿಸಿ, ಗಡುವು ಮುಗಿಯುವ ಮೊದಲೇ ಆಕ್ಷೇಪಣೆ ಸಲ್ಲಿಸಿ.