ಕಾಯಿ ಕೊಟ್ಟು ಕಾಯಿ ಕೊಳ್ಳುವ ಲೆಕ್ಕ

ಡ್ರಾಫ್ಟ್ಸ್ ಎಂಬ ಆಟವನ್ನು ಹುಡುಗರ ಆಟವೆಂದು ಕೆಲವರು ಬದಿಗೊತ್ತುವುದುಂಟು. ೧೭೫೬ರಲ್ಲಿ ಲಂಡನ್ನಿನ ವಿಲಿಯಂ ಪೇನ್ ಎಂಬ ಗಣಿತೋಪಾಧ್ಯಾಯನು ಈ ಆಟವನ್ನು ಕುರಿತು ಪುಸ್ತಕ ಬರೆದಾಗ, ಅದರ ಅರ್ಪಣಪತ್ರವನ್ನು ನಿಘಂಟುಕಾರ ಜಾನ್ಸನ್ನನೇ ಬರೆದುಕೊಟ್ಟನು. ಉಪಾಧ್ಯಾಯವೃತ್ತಿಯಲ್ಲಿ ತಲೆ ನರೆಸಿಕೊಂಡ ನಮಗೆ ಈ ಸಂಗತಿಯನ್ನು ನೆನೆದಾಗಲೆಲ್ಲ ಸ್ವಲ್ಪ ಸಮಾಧಾನವಾಗುವುದು.

ಚದುರಂಗದ ಹಲಗೆಯೇ ಇದಕ್ಕೂ ಸಾಕು. ಅರುವತ್ತನಾಲ್ಕು ಮನೆಗಳಲ್ಲಿ ಕಪ್ಪಾದ ಮೂವತ್ತೆರಡು ಮಾತ್ರ ಉಪಯೋಗಕ್ಕೆ ಬರುವುವು. ಪಕ್ಷಕ್ಕೆ ಹನ್ನೆರಡು ಕಾಯಿ. ಕಾಯಿಯು ಓರೆಯಾಗಿ ಒಂದೊಂದೇ ಮನೆ ಮುಂದಕ್ಕೆ ನಡೆಯುವುದು. ಎದುರಿನ ಕಾಯಿಯ ಆಚೆಯ ಮನೆ ತೆರವಾಗಿದ್ದರೆ ಅದನ್ನು ಹಾರಿ ಹೊಡೆಯುವುದು. ಚದುರಂಗದಲ್ಲಿ ಹೊಡೆಯುವುದೂ ಬಿಡುವುದೂ ಆಡುವವನ ಇಚ್ಛೆ. ಇಲ್ಲಿ ಹಾಗಲ್ಲ, ಹೊಡೆತವಿದ್ದರೆ ಹೊಡೆಯಲೇಬೇಕು. ನಾವು ಒಂದು ಕಾಯಿಯನ್ನು ಎದುರಾಳಿಯ ಬಾಯಿಗೆ ಇಟ್ಟರೆ ಅವನು ಬೇಡವೆನ್ನುವಂತಿಲ್ಲ. ಅವನ ಕೈಯನ್ನು ನಾವೇ ಹಿಡಿದು ನಡೆಸಿದಂತಾಯಿತು. ವಿನಿಮಯದ ವಿದ್ಯೆಯೆಲ್ಲ ಈ ಒಂದು ಕಟ್ಟಳೆಯ ಮೇಲೆ ನಿಂತಿದೆ.

ನಾವು ಇದನ್ನು ತಡವಾಗಿ ತಿಳಿದೆವು. ನಮ್ಮ ನೆರೆಮನೆಯ ನಿವೃತ್ತ ಅಂಚೆ ಮಾಸ್ತರರು ಒಂದು ಮಳೆಗಾಲದುದ್ದಕ್ಕೂ ನಮ್ಮನ್ನು ಸಂಜೆ ಸಂಜೆಯೂ ಸೋಲಿಸಿದರು. ಒಂದಕ್ಕೆ ಒಂದು ಕಾಯಿ ಹೋದಾಗಲೆಲ್ಲ ನಾವು “ಸಮಸಮವಾಯಿತು” ಎಂದುಕೊಳ್ಳುತ್ತಿದ್ದೆವು. ಕೊನೆಗೆ ಮಾತ್ರ ಸಮವಾಗುತ್ತಿರಲಿಲ್ಲ. ಒಂದು ದಿನ ಅವರು ಕನಿಕರಪಟ್ಟು, “ಮೇಷ್ಟ್ರೇ, ನೀವು ಸತ್ತ ಕಾಯಿಗಳನ್ನು ಎಣಿಸುತ್ತೀರಿ. ಅವು ಎಷ್ಟು ದೂರ ನಡೆದು ಸತ್ತವು ಎಂಬುದನ್ನು ಎಣಿಸುವುದಿಲ್ಲ” ಎಂದರು.

ಈ ಮಾತನ್ನು ಒಂದು ಉದಾಹರಣೆಯಿಂದ ನೋಡೋಣ. ವಾಚಕರು ಹಲಗೆಯನ್ನು ಎದುರಿಗಿಟ್ಟುಕೊಂಡರೆ ಒಳ್ಳೆಯದು. ಎಡಗೈಯ ಕಡೆಯ ಮೂಲೆಮನೆ ಕಪ್ಪಾಗಿರುವಂತೆ ಬಿಳಿಯ ಪಕ್ಷದಲ್ಲಿ ಕುಳಿತು, ಕರಿಯವನ ತುದಿಯ ಸಾಲಿನಿಂದ ಆರಂಭಿಸಿ, ಕಪ್ಪುಮನೆಗಳಿಗೆ ಎಡದಿಂದ ಬಲಕ್ಕೆ, ಸಾಲಿಗೆ ನಾಲ್ಕರಂತೆ, ೧ರಿಂದ ೩೨ರವರೆಗೆ ಅಂಕೆ ಕೊಡಬೇಕು. ಕರಿಯ ಕಾಯಿಗಳು ೧ರಿಂದ ೧೨ರವರೆಗೆ, ಬಿಳಿಯವು ೨೧ರಿಂದ ೩೨ರವರೆಗೆ. ಮೊದಲ ನಡೆ ಕರಿಯವನದು.

ಕರಿಯವನು ೧೧ರ ಕಾಯಿಯನ್ನು ೧೫ಕ್ಕೆ ನಡೆಸಿದನು. ಬಿಳಿಯವನು ೨೨ರಿಂದ ೧೮ಕ್ಕೆ ಬಂದು ನೇರವಾಗಿ ಅದರ ಬಾಯಿಗೆ ನಿಂತನು. ಕರಿಯವನು ಹೊಡೆಯಲೇಬೇಕು: ೧೫ರಿಂದ ಹಾರಿ ೨೨ಕ್ಕೆ ಇಳಿದನು. ಅಲ್ಲಿ ಅವನನ್ನು ಬಿಳಿಯ ೨೫ರ ಕಾಯಿ ಹೊಡೆದು ೧೮ಕ್ಕೆ ಬಂತು. ಆಂಗ್ಲ ಪುಸ್ತಕಗಳಲ್ಲಿ ಇದಕ್ಕೆ ‘ಸಿಂಗಲ್ ಕಾರ್ನರ್’ ಎಂದು ಹೆಸರು. ಕಾಯಿಗೆ ಕಾಯಿ ಹೋಯಿತು, ನಿಜ. ಹೆಜ್ಜೆಗಳನ್ನು ಎಣಿಸಿರಿ. ಮುಂದೆ ನಡೆದಿದ್ದ ಕರಿಯ ಕಾಯಿ ಒಂದೇ ಒಂದು, ಅದೇ ಸತ್ತಿತು. ಈಗ ಕರಿಯವನ ಹನ್ನೊಂದು ಕಾಯಿಗಳೂ ಹುಟ್ಟಿದ ಮನೆಯಲ್ಲೇ ಕುಳಿತಿವೆ. ಅವನ ಮುನ್ನಡೆ ಸೊನ್ನೆ. ಬಿಳಿಯವನ ಒಂದು ಕಾಯಿ ಎರಡು ಸಾಲು ಮುಂದೆ, ಹಲಗೆಯ ನಡುಮಧ್ಯದಲ್ಲಿ ನಿಂತಿದೆ. ಮೊದಲ ನಡೆಯ ಹಕ್ಕು ಕರಿಯವನದಾಗಿದ್ದರೂ ಎರಡು ಹೆಜ್ಜೆ ಹಿಂದುಳಿದವನು ಅವನೇ. ಹೀಗೆ ದೊರೆತ ಹೆಜ್ಜೆಯ ಮಿಗತೆಗೆ ಆಟಗಾರರು ‘ಟೆಂಪೋ’ ಎನ್ನುವರು.

ಇದರ ಕಾರಣ ಸರಳ. ಶತ್ರುವಿನ ಕಾಯಿಯನ್ನು ನಮ್ಮ ಪಾಳೆಯದೊಳಕ್ಕೆ ಎಳೆದು ಕೊಂದರೆ ಅದು ನಡೆದ ಹೆಜ್ಜೆಗಳೆಲ್ಲ ಅದರೊಡನೆ ಹೋಗುವುವು; ಹೊಡೆದ ನಮ್ಮ ಕಾಯಿಗಾದರೋ ಹಾರಿದ ಎರಡು ಸಾಲು ಲಾಭ. ಇಲ್ಲಿ ಸತ್ತ ಎರಡೂ ಕಾಯಿಗಳು ತಮ್ಮ ತಮ್ಮ ಮುಂಚೂಣಿಯಿಂದಲೇ ಹೊರಟವಾದುದರಿಂದ ಈ ಸುಲಭದ ಲೆಕ್ಕ ಸಾಕಾಯಿತು. ಬೇರೆ ಬೇರೆ ಸಾಲಿನಿಂದ ಹೊರಟವಾಗಿದ್ದರೆ, ಪ್ರತಿಯೊಂದು ಕಾಯಿಯೂ ತನ್ನ ಅಂಚಿನಿಂದ ಎಷ್ಟನೆಯ ಸಾಲಿನಲ್ಲಿದೆಯೆಂದು ಕೂಡಿ ನೋಡಬೇಕು.

ಎಲ್ಲ ವಿನಿಮಯವೂ ಹೆಜ್ಜೆಯ ಲಾಭಕ್ಕಾಗಿ ಅಲ್ಲ. ವ್ಯೂಹವನ್ನು ಒಡೆಯಲೆಂದೇ ಮಾಡುವ ವಿನಿಮಯ ಬೇರೆ. ‘ಡೈಕ್’ ಎಂಬ ಆರಂಭವನ್ನು ತೆಗೆದುಕೊಳ್ಳೋಣ. ಕರಿಯವನು ಮೊದಲಿನಂತೆಯೇ ೧೧ರಿಂದ ೧೫ಕ್ಕೆ. ಬಿಳಿಯವನು ಈ ಸಲ ೨೨ರಿಂದ ೧೭ಕ್ಕೆ. ಆಗ ಕರಿಯವನು ಅದೇ ಕಾಯಿಯನ್ನು ೧೯ಕ್ಕೆ ನೂಕುತ್ತಾನೆ. ಬಿಳಿಯವನು ೨೪ರಿಂದ ಹೊಡೆದು ೧೫ಕ್ಕೆ ಬರಲಿ. ಕರಿಯ ೧೦ರ ಕಾಯಿ ಅದನ್ನು ಹೊಡೆದು ೧೯ಕ್ಕೆ ಇಳಿಯುವುದು. ಅದನ್ನು ೨೩ರ ಕಾಯಿ ಹೊಡೆದು ೧೬ಕ್ಕೆ ಬಂದರೆ, ೧೨ರ ಕಾಯಿ ಅದನ್ನೂ ಹೊಡೆದು ಮತ್ತೆ ೧೯ರಲ್ಲೇ ನಿಲ್ಲುವುದು. ಬಿಳಿಯವನು ೨೪ರ ಬದಲಾಗಿ ೨೩ರಿಂದ ಮೊದಲು ಹೊಡೆದರೇನು ಎಂದು ಕೇಳಬಹುದು. ಹಲಗೆಯ ಮೇಲೆ ಆಡಿ ನೋಡಿರಿ, ಹೊಡೆತಗಳ ಕ್ರಮ ಬದಲಾದರೂ ಕೊನೆಗೆ ಉಳಿಯುವ ಚಿತ್ರ ಕೂದಲೆಳೆಯಷ್ಟೂ ಬೇರೆಯಾಗದು.

ಎರಡಕ್ಕೆ ಎರಡು ಹೋದುವು. ಕರಿಯವನ ಮುನ್ನಡೆ ಎರಡು, ಬಿಳಿಯವನದು ಒಂದು, ನಡೆ ಬಿಳಿಯವನದು. ಎಂದರೆ ಹೆಜ್ಜೆಯ ಲೆಕ್ಕದಲ್ಲಿ ಯಾರಿಗೂ ಮಿಗತೆಯಿಲ್ಲ. ಬಿಳಿಯ ಪಾಳೆಯವನ್ನು ನೋಡಿದರೆ ೨೨, ೨೩, ೨೪ ಮೂರೂ ಬಯಲು. ಆ ಬಯಲಿನ ಬಾಗಿಲಲ್ಲಿ ಕರಿಯ ಕಾಯಿ ಕಾವಲು ನಿಂತಿದೆ. ಬಿಳಿಯವನು ಅಭ್ಯಾಸಬಲದಿಂದ ೨೮ರ ಕಾಯಿಯನ್ನು ೨೪ಕ್ಕೆ ತಂದನೋ, ೧೯ರ ಕಾಯಿ ಅದನ್ನು ಹಾರಿ, ಈಗತಾನೆ ತೆರವಾದ ೨೮ಕ್ಕೆ ಇಳಿಯುವುದು. ಹಲಗೆಯ ಅಂಚಿನಲ್ಲಿ ಕುಳಿತ ಅದನ್ನು ಯಾರೂ ಹೊಡೆಯಲಾರರು. ೨೭ರ ಕಾಯಿ ೨೪ಕ್ಕೆ ಬರಬಹುದು, ೨೮ರದು ಅಲುಗದೆ ಇದ್ದರೆ ಮಾತ್ರ. ಅದೇ ಕಾಯಿ ೨೩ಕ್ಕೆ ಬರಬೇಕಾದರೆ ೨೬ರದು ಅಲುಗಬಾರದು. ಒಂದರ ಬೆನ್ನಿಗೆ ಒಂದನ್ನು ಕಟ್ಟಿಹಾಕಿದಂತಾಯಿತು. ವ್ಯೂಹ ಒಡೆಯಿತೆಂಬುದನ್ನು ನಾವು ಗುರುತಿಸುವುದು ಸತ್ತ ಕಾಯಿಗಳಿಂದಲ್ಲ, ಉಳಿದ ಕಾಯಿಗಳಿಗೆ ಹೀಗೆ ಸ್ವಾತಂತ್ರ್ಯ ತಪ್ಪುವುದರಿಂದ.

ಬೆಲೆಯಿಲ್ಲದೆ ಇದು ಸಿಕ್ಕಲಿಲ್ಲ. ಕರಿಯವನ ೧೦, ೧೧, ೧೨ ಸಹ ಬರಿದಾಗಿವೆ. ೧೯ರ ಕಾಯಿ ಅಭಿಮನ್ಯುವಿನಂತೆ ಒಳಹೊಕ್ಕು ನಿಂತಿದೆ. ಹಿಂದಿನಿಂದ ಬರಬೇಕಾದ ಸಹಾಯ ಇನ್ನೂ ಎರಡನೆಯ ಸಾಲಿನಲ್ಲಿದೆ. ಸಹಾಯ ಸಕಾಲಕ್ಕೆ ಬಾರದಿದ್ದರೆ ಏನಾಗುವುದೆಂಬುದನ್ನು ದ್ರೋಣಪರ್ವ ಬಲ್ಲವರಿಗೆ ನಾವು ಹೇಳಬೇಕಾದುದಿಲ್ಲ.

ಹೆಜ್ಜೆಯ ಮಿಗತೆಗೂ ಮೇರೆಯುಂಟು. ಆಟದ ಆದಿಯಲ್ಲಿ ಅದು ನಡುಮನೆಗಳನ್ನು ಹಿಡಿಯಲು ಸಹಾಯಕ. ಆಟ ಮುಂದುವರಿದು ಕಾಯಿಗಳು ಒಂದಕ್ಕೊಂದು ಅಡ್ಡನಿಂತಾಗ, ಮುಂದೆ ನಡೆದವನಿಗೆ ಸುರಕ್ಷಿತವಾದ ನಡೆಗಳು ಮೊದಲು ಮುಗಿಯುವುವು; ಹಿಂದುಳಿದವನು ಸುಮ್ಮನೆ ಒಂದು ಹೆಜ್ಜೆ ಇಟ್ಟು ಕಾಯಬಲ್ಲನು. ಆದುದರಿಂದ ಮೊದಲು ಗಳಿಸಿದ ಮಿಗತೆಯನ್ನು ಮತ್ತೊಂದು ವಿನಿಮಯದಿಂದ ಹಿಂದಕ್ಕೆ ಕೊಡಬೇಕಾದ ಪ್ರಸಂಗವೂ ಬರುವುದು. ೨೦೦೭ರಲ್ಲಿ ಕೆನಡದ ಜೊನಾಥನ್ ಶೇಫರ್ ಮತ್ತು ಅವರ ಸಂಗಡಿಗರು ಗಣಕಯಂತ್ರದ ಸಹಾಯದಿಂದ ಈ ಆಟವನ್ನು ಶೋಧಿಸಿ, ಇಬ್ಬರೂ ತಪ್ಪದೆ ಆಡಿದರೆ ಯಾರೂ ಗೆಲ್ಲಲಾರರೆಂದು ತೋರಿಸಿಕೊಟ್ಟರು. ವಿನಿಮಯವು ಎದುರಾಳಿಗೆ ತಪ್ಪಲು ಅವಕಾಶಗಳನ್ನು ಹೆಚ್ಚಿಸುವುದೇ ಹೊರತು ತಾನಾಗಿ ಜಯವನ್ನು ತಂದುಕೊಡದು.

ತಪ್ಪುವ ಸರದಿ ಮೊದಲು ನಮ್ಮದೇ ಆಯಿತು. ‘ಡೈಕ್’ ಕಲಿತ ಹುರುಪಿನಲ್ಲಿ ಅಂಚೆ ಮಾಸ್ತರರ ಮೇಲೆ ಅದನ್ನು ಹೂಡಿದೆವು. ಅವರು ೨೭ರ ಕಾಯಿಯನ್ನು ೨೪ಕ್ಕೆ ತಂದು ನಮ್ಮ ೧೯ನ್ನು ಕೆಣಕಿದರು. ನಾವು ಬರಿದಾದ ಅಂಚನ್ನು ತುಂಬೋಣವೆಂದು ೮ರಿಂದ ೧೨ಕ್ಕೆ ನಡೆದೆವು. ಅವರು ೨೪ರಿಂದ ಹಾರಿ ೧೫ಕ್ಕೆ ಇಳಿದರು. ಮರಳಿ ಹೊಡೆಯಲು ೧೦ರಲ್ಲಾಗಲಿ ೧೧ರಲ್ಲಾಗಲಿ ನಮ್ಮವರು ಯಾರೂ ಇರಲಿಲ್ಲ. ಆ ರಾತ್ರಿ ಊಟದ ಎಲೆಯ ಮುಂದೆಯೂ ನಮಗೆ ೧೦ರ ಮನೆಯೇ ಕಾಣುತ್ತಿತ್ತು.

ಮರುದಿನ ಸಂಜೆ ಆಟ ಅದೇ ದಾರಿ ಹಿಡಿಯಿತು. ಅವರು ೨೪ಕ್ಕೆ ಬಂದೊಡನೆ ನಾವು ೭ರ ಕಾಯಿಯನ್ನು ೧೦ಕ್ಕೆ ನಡೆಸಿದೆವು. ಅವರು ಹೊಡೆಯಲೇಬೇಕಾಗಿತ್ತು, ಹೊಡೆದರು. ನಾವು ೧೦ರಿಂದ ಹಾರಿ ಪುನಃ ೧೯ರಲ್ಲಿ ನಿಂತೆವು. ಅಂಚೆ ಮಾಸ್ತರರು ಸ್ವಲ್ಪ ಹೊತ್ತು ಹಲಗೆಯನ್ನು ನೋಡುತ್ತಿದ್ದು, ಮಾತಾಡದೆ ನಶ್ಯದ ಡಬ್ಬಿಯನ್ನು ಹೊರಗೆ ತೆಗೆದರು.